ನೀರಿನಲ್ಲಿಟ್ಟ ಪನೀರ್ ಐದು ದಿನಕ್ಕೆ ಲೋಳೆ ಆಗಿದೆ, ಹುಳಿ ವಾಸನೆ ಬರ್ತಿದೆ. ತೊಳೆದು ಬಳಸಬಹುದಾ?

ಸವಿತಾ, ನವನಗರ, ಬಾಗಲಕೋಟೆ

ಭಾನುವಾರ ಮಗನ ಹುಟ್ಟುಹಬ್ಬ ಇತ್ತು. ಒಂದು ಕೆಜಿ ಬಿಡಿ ಪನೀರ್ ತಂದಿದ್ದೆ. ಆರುನೂರು ಗ್ರಾಂನಷ್ಟು ಖರ್ಚಾಯಿತು, ಉಳಿದದ್ದನ್ನು ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಫ್ರಿಜ್‌ನಲ್ಲಿ ಇಟ್ಟೆ. ನೀರಿನಲ್ಲಿ ಇಟ್ಟರೆ ವಾರಗಟ್ಟಲೆ ಇರುತ್ತದೆ ಅಂತ ನಮ್ಮ ಅತ್ತಿಗೆ ಹೇಳಿದ್ದರು. ಮಂಗಳವಾರ ಒಮ್ಮೆ ನೀರು ಬದಲಿಸಿದೆ. ಇವತ್ತು ಶುಕ್ರವಾರ. ಡಬ್ಬಿ ತೆಗೆದು ನೋಡಿದರೆ ನೀರು ತೆಳು ಮಜ್ಜಿಗೆ ಥರ ಬೆಳ್ಳಗಾಗಿದೆ, ಮುಚ್ಚಳ ತೆಗೆದ ತಕ್ಷಣ ಹಳೆ ಮೊಸರಿನ ಹುಳಿ ವಾಸನೆ ಬಂತು. ಒಂದು ತುಂಡು ಕೈಗೆ ತೆಗೆದುಕೊಂಡರೆ ಸೋಪು ಹಿಡಿದ ಹಾಗೆ ಜಾರುತ್ತಿದೆ. ಬೆರಳು ಬಿಡಿಸಿದರೆ ಸಣ್ಣ ನೂಲಿನ ಹಾಗೆ ಎಳೆ ಬರುತ್ತದೆ.

ಆದರೆ ಚಾಕುವಿನಿಂದ ಕತ್ತರಿಸಿ ನೋಡಿದೆ, ಒಳಗೆ ಬೆಳ್ಳಗೆ ಚೆನ್ನಾಗಿಯೇ ಇದೆ. ನಾಲ್ಕುನೂರು ಗ್ರಾಂ ಚೆಲ್ಲೋಕೆ ಮನಸ್ಸು ಬರ್ತಿಲ್ಲ. ಬಿಸಿನೀರಲ್ಲಿ ತೊಳೆದು, ಮೇಲಿನದ್ದು ಕೆತ್ತಿ ತೆಗೆದು ಮಸಾಲೆಗೆ ಹಾಕಬಹುದಾ? ರಾತ್ರಿ ಅಡುಗೆ ಮಾಡಬೇಕು, ಗೊತ್ತಿರೋರು ಬೇಗ ಹೇಳಿ.

ಚಿಕ್ಕೋಡಿ ಹುಡುಗ

ಏನಾಗಲ್ಲ ಅಕ್ಕಾರೆ, ಉಪ್ಪು ಹಾಕಿದ ಬಿಸಿನೀರಲ್ಲಿ ಎರಡು ಸಲ ತೊಳೆದು ಎಣ್ಣೆಯಲ್ಲಿ ಚೆನ್ನಾಗಿ ಕರಿದುಬಿಡಿ. ನಮ್ಮ ರೂಮಿನಲ್ಲಿ ಎಷ್ಟೋ ಸಲ ಹಾಗೇ ಮಾಡಿದ್ದೇವೆ. ಬೆಂಕಿಗೆ ಬಿದ್ದ ಮೇಲೆ ಯಾವ ಕ್ರಿಮಿ ಉಳಿಯುತ್ತದೆ?

ಮಹಾಂತೇಶ, ಇಳಕಲ್

ಇದು ನಕಲಿ ಪನೀರ್ ಇರಬೇಕು. ಈಗೀಗ ಎಣ್ಣೆ, ಪಿಷ್ಟ ಹಾಕಿ ಮಾಡಿದ್ದೇ ಜಾಸ್ತಿ ಬರುತ್ತಿದೆ. ಒಂದು ತುಂಡು ನೀರಲ್ಲಿ ಕುದಿಸಿ, ಆರಿದ ಮೇಲೆ ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿ ಆದರೆ ಪಿಷ್ಟ ಇದೆ ಅಂತ ಅರ್ಥ. ಅಸಲಿ ಪನೀರ್ ಲೋಳೆ ಆಗೋದೇ ಇಲ್ಲ.

ಖಾನಾವಳಿ ಬಸಣ್ಣ, ಬೆಳಗಾವಿ

ಮಹಾಂತೇಶ ಅವರೇ, ಅಸಲಿ ಪನೀರೂ ಲೋಳೆ ಆಗುತ್ತದೆ. ನಾನು ಹನ್ನೊಂದು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ, ವಾರಕ್ಕೆ ಎಂಟು ಹತ್ತು ಕೆಜಿ ಪನೀರ್ ನಮ್ಮಲ್ಲಿ ಖರ್ಚಾಗುತ್ತದೆ. ಸವಿತಾ ಅವರ ತಪ್ಪು ಒಂದೇ, ನೀರು ದಿನಾ ಬದಲಿಸಲಿಲ್ಲ. ದಿನಾ ಬೆಳಿಗ್ಗೆ ಸಂಜೆ ನೀರು ಬದಲಿಸಬೇಕು. ಆ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಲೋಳೆ ಹತ್ತಿರಕ್ಕೂ ಬರುವುದಿಲ್ಲ. ಹಾಗೆ ಇಟ್ಟರೆ ಹತ್ತು ದಿನ ಆರಾಮಾಗಿ ಇರುತ್ತದೆ. ಈಗ ಆಗಿರೋದನ್ನು ಮಾತ್ರ ಬಳಸಬೇಡಿ, ಎಳೆ ಬರೋ ಹಂತಕ್ಕೆ ಬಂದ ಮೇಲೆ ನಾನೂ ಗಿರಾಕಿಗೆ ಕೊಡಲ್ಲ.

ಡೈರಿ ಕಾಕಾ, ಗೋಕಾಕ

ಸವಿತಾ ತಂಗಿ, ಮೊದಲು ಡಬ್ಬಿ ಪಕ್ಕಕ್ಕಿಡು. ರಾತ್ರಿ ಅಡುಗೆಗೆ ಬೇರೆ ಏನಾದರೂ ನೋಡು. ಕೆತ್ತಿ ಬಳಸೋದು, ತೊಳೆದು ಬಳಸೋದು ಎರಡೂ ಬೇಡ. ಯಾಕೆ ಅಂತ ಆಮೇಲೆ ಪೂರ್ತಿ ಬರೆಯುತ್ತೇನೆ. ನಾನು ಇಪ್ಪತ್ತಕ್ಕೂ ಜಾಸ್ತಿ ವರ್ಷ ಡೈರಿಯ ಪನೀರ್ ವಿಭಾಗದಲ್ಲಿ ದುಡಿದವನು, ಹೀಗೆ ವಾಪಸ್ ಬಂದ ಪನೀರ್ ಎಷ್ಟೋ ನೋಡಿದ್ದೇನೆ.

ಅದಕ್ಕೂ ಮೊದಲು ಒಂದಿಷ್ಟು ಹೇಳು. ಭಾನುವಾರ ಎಷ್ಟು ಗಂಟೆಗೆ ತಂದೆ, ಎಷ್ಟು ಗಂಟೆಗೆ ಫ್ರಿಜ್‌ಗೆ ಹೋಯಿತು? ಹಾಕಿದ ನೀರು ಯಾವುದು? ಯಾವ ಚಾಕು? ಫ್ರಿಜ್‌ನಲ್ಲಿ ಎಲ್ಲಿ ಇಟ್ಟಿದ್ದೆ? ಮತ್ತೆ ಎಲ್ಲ ತುಂಡುಗಳೂ ಒಂದೇ ರೀತಿ ಲೋಳೆ ಆಗಿವೆಯಾ, ಅಥವಾ ಕೆಲವು ಜಾಸ್ತಿ ಆಗಿವೆಯಾ?

ಸವಿತಾ, ನವನಗರ

ಕಾಕಾ, ಬೆಳಿಗ್ಗೆ ಹನ್ನೊಂದಕ್ಕೆ ತಂದೆ. ಮನೆ ತುಂಬ ಜನ ಇದ್ದರು, ಫ್ರಿಜ್‌ನಲ್ಲಿ ಕೇಕ್ ಮತ್ತು ಹಾಲು ತುಂಬಿತ್ತು. ಹಾಗಾಗಿ ಪನೀರ್ ಅಡುಗೆಮನೆ ಕಟ್ಟೆ ಮೇಲೆಯೇ ಇತ್ತು. ಮಧ್ಯಾಹ್ನ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿದ ಚಾಕುವಿನಿಂದಲೇ ಪನೀರ್ ತುಂಡು ಮಾಡಿದೆ. ಚಾಕು ಸುಮ್ನೆ ನೀರಲ್ಲಿ ಅಲ್ಲಾಡಿಸಿದ್ದೆ ಅಷ್ಟೇ. ಎಲ್ಲಾ ಒಂದು ಕೆಜಿಯನ್ನೂ ತುಂಡು ಮಾಡಿಬಿಟ್ಟಿದ್ದೆ. ಉಳಿದದ್ದು ಡಬ್ಬಿಗೆ ಹೋದದ್ದು ಮೂರೂವರೆ ಹೊತ್ತಿಗೆ.

ನೀರು ಮೇಲಿನ ಟ್ಯಾಂಕಿಯದ್ದು. ನಮ್ಮಲ್ಲಿ ನಳ ದಿನಾ ಬರಲ್ಲ, ತುಂಬಿಸಿಟ್ಟುಕೊಂಡ ನೀರನ್ನೇ ಬಳಸೋದು. ಬುಧವಾರ ಮಗನ ಟಿಫಿನ್‌ಗೆ ಅಂತ ಕೈ ಹಾಕಿ ನಾಲ್ಕು ತುಂಡು ತೆಗೆದೆ, ಆಗ ಏನೂ ವಾಸನೆ ಇರಲಿಲ್ಲ. ಡಬ್ಬಿ ಇಟ್ಟದ್ದು ಫ್ರಿಜ್‌ನ ಬಾಗಿಲ ಕಡೆ. ಈಗ ನೋಡಿದೆ, ನೀರಿನ ಮೇಲೆ ತಲೆ ಎತ್ತಿಕೊಂಡಿದ್ದ ಎರಡು ಮೂರು ತುಂಡುಗಳು ಜಾಸ್ತಿ ಲೋಳೆ ಆಗಿವೆ, ಸ್ವಲ್ಪ ಹಳದಿ ಕೂಡ ಕಾಣಿಸುತ್ತಿದೆ. ತಳದಲ್ಲಿರೋವು ಕಡಿಮೆ.

ಶೋಭಾ, ಅಥಣಿ

ಸವಿತಾ, ನನಗೂ ಇದೇ ಥರ ಆಗಿತ್ತು. ನಾವು ಮನೆಯಲ್ಲೇ ಎಮ್ಮೆ ಹಾಲಿನಿಂದ ಪನೀರ್ ಮಾಡೋದು. ಬರೀ ನೀರಿನಲ್ಲಿ ಇಡಬಾರದು, ಹಾಲು ಒಡೆದಾಗ ಬಂದ ಆ ಹಸಿರು ಹಳದಿ ನೀರು ಇರುತ್ತದಲ್ಲ, ಅದರಲ್ಲೇ ಇಡಬೇಕು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಅದರಲ್ಲಿ ಹುಳಿ ಇರುತ್ತದೆ, ಹಾಗಾಗಿ ಕೆಡುವುದಿಲ್ಲ ಅನ್ನುತ್ತಿದ್ದರು. ನಾನು ಹಾಗೇ ಇಡುತ್ತೇನೆ, ಮೂರು ದಿನಕ್ಕೆ ಸ್ವಲ್ಪ ಹುಳಿ ಬರುತ್ತದೆ. ಆದರೆ ಲೋಳೆ ಆಗಿದ್ದು ನೋಡಿಲ್ಲ.

ಡೈರಿ ಕಾಕಾ, ಗೋಕಾಕ

ಸವಿತಾ, ನೀನು ಬರೆದದ್ದರಲ್ಲೇ ಉತ್ತರ ಇದೆ. ನಿಧಾನವಾಗಿ ಹೇಳುತ್ತೇನೆ.

ಪನೀರ್ ಹುಟ್ಟುವಾಗ ತುಂಬಾ ಸ್ವಚ್ಛ. ಹಾಲನ್ನು 90 ಡಿಗ್ರಿ ಹತ್ತಿರ ಕಾಯಿಸುತ್ತೇವೆ, ಆಮೇಲೆ 70ಕ್ಕೆ ಇಳಿಸಿ ಸಿಟ್ರಿಕ್ ಆಮ್ಲದ ನೀರು ಬಿಟ್ಟು ಒಡೆಸುತ್ತೇವೆ. ಆ ಬಿಸಿಗೆ ಕೆಡಿಸುವ ಜೀವಿಗಳು ಹೆಚ್ಚುಕಡಿಮೆ ಎಲ್ಲ ಸತ್ತಿರುತ್ತವೆ. ಆಮೇಲೆ ಬರೋದೆಲ್ಲ ಹೊರಗಿಂದ. ಒತ್ತುವ ಬಟ್ಟೆ, ಕೈ, ಚಾಕು, ನೀರು. ಅಂದರೆ ನಿನ್ನ ಪನೀರ್‌ಗೆ ಲೋಳೆ ಬಂದದ್ದು ಹಾಲಿನ ತಪ್ಪಿನಿಂದಲ್ಲ, ಒಡೆದು ಒತ್ತಿದ ಮೇಲೆ ಅದಕ್ಕೆ ತಾಗಿದ್ದರಿಂದ.

ಡೈರಿಯಲ್ಲೂ ನಾವು ಪನೀರ್ ಅನ್ನು ನೀರಿನಲ್ಲಿ ಮುಳುಗಿಸುತ್ತೇವೆ. ಒತ್ತಿದ ಬಿಸಿ ಗಡ್ಡೆಯನ್ನು 4ರಿಂದ 6 ಡಿಗ್ರಿಯ ತಣ್ಣನೆ ನೀರಿಗೆ ಬಿಟ್ಟು ಎರಡು ಮೂರು ತಾಸು ಇಡುತ್ತೇವೆ. ಅದು ಬೇಗ ತಣ್ಣಗಾಗಲಿ, ಗಟ್ಟಿಯಾಗಲಿ ಅಂತ. ಆಮೇಲೆ ತೆಗೆದು ನೀರು ಬಸಿದು ಪ್ಯಾಕ್ ಮಾಡುತ್ತೇವೆ. ಎರಡು ಮೂರು ತಾಸಿನ ಕೆಲಸವನ್ನು ಮನೆಯಲ್ಲಿ ಐದು ದಿನಕ್ಕೆ ಎಳೆದರೆ ಆಗುವುದಿಲ್ಲ. ನೀರು ಪನೀರ್ ಅನ್ನು ಮೆತ್ತಗೆ ಇಡುತ್ತದೆ, ಅಂಚು ಒಣಗಿ ಹಳದಿಯಾಗದಂತೆ ನೋಡಿಕೊಳ್ಳುತ್ತದೆ. ಕೆಡದಂತೆ ಕಾಯುವ ಶಕ್ತಿ ಅದಕ್ಕಿಲ್ಲ. ಜನ ಈ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ನೀರಲ್ಲಿಟ್ಟಾಗ ಇನ್ನೊಂದು ತೊಂದರೆ ಇದೆ. ಪನೀರ್‌ನಿಂದ ಹಾಲಿನ ಸಕ್ಕರೆ ಮತ್ತೆ ಸಣ್ಣ ಪುಡಿ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಮೊದಲ ದಿನ ನೀರು ಸ್ವಲ್ಪ ಬೆಳ್ಳಗಾದರೆ ಅದೇ ಕಾರಣ, ಅದಕ್ಕೆ ಹೆದರಬೇಕಿಲ್ಲ. ಆದರೆ ಆ ನೀರೇ ಬ್ಯಾಕ್ಟೀರಿಯಾಗಳಿಗೆ ಊಟ. ನೀರಿಲ್ಲದೆ ಇಟ್ಟಾಗ ಒಂದು ಮೂಲೆ ಕೆಟ್ಟರೆ ಕೆಲ ಹೊತ್ತು ಅಲ್ಲೇ ಇರುತ್ತದೆ. ನೀರಲ್ಲಿ ಇಟ್ಟಾಗ ಅದು ಈಜಿಕೊಂಡು ಎಲ್ಲ ತುಂಡುಗಳಿಗೂ ಹೋಗುತ್ತದೆ. ನೀನು ಒಂದು ಕೆಜಿಯನ್ನೂ ತುಂಡು ಮಾಡಿದ್ದರಿಂದ ತಾಗುವ ಮೈ ಎಷ್ಟೋ ಪಟ್ಟು ಹೆಚ್ಚಾಯಿತು. ಗಡ್ಡೆಯಾಗಿಯೇ ಇಟ್ಟಿದ್ದರೆ ಒಂದೆರಡು ದಿನ ಜಾಸ್ತಿ ತಾಳುತ್ತಿತ್ತು.

ಈಗ ನಿನ್ನ ದಿನಗಳನ್ನು ಒಂದೊಂದಾಗಿ ನೋಡೋಣ. ಭಾನುವಾರ ಹನ್ನೊಂದರಿಂದ ಮೂರೂವರೆ ತನಕ, ನಾಲ್ಕೂವರೆ ತಾಸು ಬೇಸಿಗೆಯ ಅಡುಗೆಮನೆಯಲ್ಲಿ. ಆ ಹೊತ್ತಿನಲ್ಲೇ ಅರ್ಧ ಆಯುಷ್ಯ ಹೋಯಿತು ಅಂದುಕೋ. ಈರುಳ್ಳಿ ಮೆಣಸಿನಕಾಯಿಯ ಚಾಕು ಮಣ್ಣಿನ ಜೀವಿಗಳನ್ನು ತಂದಿತು. ಟ್ಯಾಂಕಿ ನೀರು ನಿಂತ ನೀರು, ಅದರಲ್ಲಿದ್ದ ಕ್ಲೋರಿನ್ ಎಂದೋ ಹೋಗಿರುತ್ತದೆ. ಬಾಗಿಲ ಕಡೆ ಇಟ್ಟದ್ದಕ್ಕೆ ಪ್ರತಿ ಸಲ ಬಾಗಿಲು ತೆರೆದಾಗ ಬಿಸಿ ಗಾಳಿ ಬಡಿಯಿತು. ಮಂಗಳವಾರ ನೀರು ಬದಲಿಸಿದೆ ಸರಿ, ಆದರೆ ಡಬ್ಬಿಯನ್ನು ಸೋಪು ಹಾಕಿ ತೊಳೆದೆಯಾ? ತುಂಡಿನ ಮೈಗೆ ಅಂಟಿದ್ದು ನೀರು ಚೆಲ್ಲಿದರೆ ಹೋಗುವುದಿಲ್ಲ. ಬುಧವಾರ ಕೈ ಹಾಕಿದೆ. ಗುರುವಾರದ ಹೊತ್ತಿಗೆ ಹುಳಿ ಶುರುವಾಗಿರುತ್ತದೆ, ನೀನು ಡಬ್ಬಿ ತೆರೆದಿಲ್ಲ ಅಷ್ಟೇ.

ಮೇಲೆ ತಲೆ ಎತ್ತಿದ್ದ ತುಂಡುಗಳು ಜಾಸ್ತಿ ಲೋಳೆ ಆದದ್ದಕ್ಕೂ ಕಾರಣ ಇದೆ. ಲೋಳೆ ಮಾಡುವ ಗುಂಪಿನಲ್ಲಿ ಸೂಡೊಮೊನಾಸ್ ಅನ್ನೋದು ಮುಖ್ಯವಾದದ್ದು. ಅದಕ್ಕೆ ಗಾಳಿ ಬೇಕು, ಫ್ರಿಜ್‌ನ ತಣ್ಣಗಿನಲ್ಲೂ ಬೆಳೆಯುತ್ತದೆ. ಹಳದಿ ಹಸಿರು ಛಾಯೆ ಬರೋದೂ ಹೆಚ್ಚಾಗಿ ಅದರಿಂದಲೇ. ಹುಳಿ ಮಾಡುವುದು ಬೇರೆ ಗುಂಪು, ಮೊಸರು ಮಾಡುವವುಗಳ ಬಂಧುಬಳಗ. ನಿನ್ನ ಡಬ್ಬಿಯಲ್ಲಿ ಎರಡೂ ಇವೆ.

ಸವಿತಾ, ನವನಗರ

ಡಬ್ಬಿ ತೊಳೆದಿರಲಿಲ್ಲ ಕಾಕಾ. ನೀರು ಬಸಿದು ಹೊಸ ನೀರು ಹಾಕಿದೆ ಅಷ್ಟೇ. ಆದರೆ ಒಳಗೆ ಬೆಳ್ಳಗೆ ಇದೆಯಲ್ಲ, ಅದನ್ನಾದರೂ ಯಾಕೆ ಬಳಸಬಾರದು ಅಂತ ಗೊತ್ತಾಗಲಿಲ್ಲ. ಚೀಸ್‌ನ ಮೇಲೆ ಬೂಸು ಬಂದರೆ ಕತ್ತರಿಸಿ ತಿನ್ನುತ್ತಾರೆ ಅಂತ ಕೇಳಿದ್ದೇನೆ.

ಡೈರಿ ಕಾಕಾ, ಗೋಕಾಕ

ಅದು ಗಟ್ಟಿ ಚೀಸ್ ತಂಗಿ. ಅದರಲ್ಲಿ ನೀರಿನ ಅಂಶ ಕಡಿಮೆ, ಉಪ್ಪು ಇರುತ್ತದೆ, ಬೂಸು ಒಳಗೆ ಹೋಗೋದು ನಿಧಾನ. ಅಲ್ಲೂ ಸುತ್ತ ಒಂದು ಇಂಚು ದಪ್ಪಕ್ಕೆ ತೆಗೆಯಬೇಕು ಅನ್ನುತ್ತಾರೆ. ಪನೀರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಒಂದು ತುಂಡನ್ನು ಕೈಯಲ್ಲಿ ಮುರಿದು ಬೆಳಕಿಗೆ ಹಿಡಿದು ನೋಡು, ಮುರಿದ ಕಡೆ ಸಣ್ಣ ಸಣ್ಣ ಬಿರುಕು, ತೂತು ಕಾಣುತ್ತವೆ. ಒತ್ತಿ ಕೂಡಿಸಿದ ಕಣಗಳ ನಡುವಿನ ಸಂದಿ ಅವು. ನೀರು ಅಲ್ಲಿಗೆ ಹೋಗುತ್ತದೆ, ನೀರಿನ ಜೊತೆ ಉಳಿದದ್ದೂ ಹೋಗುತ್ತದೆ. ನಿನ್ನ ತುಂಡು ಮುಕ್ಕಾಲು ಇಂಚು ಇರಬಹುದು, ಅದರಲ್ಲಿ ಎಷ್ಟು ಕೆತ್ತುತ್ತೀ?

ಕುದಿಸಿದರೆ ಸಾಯುತ್ತವೆ ಅಂತ ಚಿಕ್ಕೋಡಿ ತಮ್ಮ ಬರೆದಿದ್ದಾನೆ. ಅರ್ಧ ನಿಜ. ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಕೈಯಿಂದ ಬರುವ ಸ್ಟೆಫಿಲೊಕಾಕಸ್ ಅನ್ನೋದೊಂದಿದೆ, ಬೆಚ್ಚಗಿನ ಜಾಗದಲ್ಲಿ ಅದು ವಿಷ ಬಿಡುತ್ತದೆ. ಆ ವಿಷ ಕುದಿಸಿದರೂ ಕರಿದರೂ ಹೋಗುವುದಿಲ್ಲ. ಫ್ರಿಜ್ ಸರಿಯಾಗಿ ತಣ್ಣಗಿದ್ದರೆ ಅದು ಅಲ್ಲಿ ವಿಷ ಮಾಡುವುದಿಲ್ಲ, ಅದನ್ನೂ ಹೇಳಬೇಕು. ಆದರೆ ನಿನ್ನ ಪನೀರ್ ನಾಲ್ಕೂವರೆ ತಾಸು ಕಟ್ಟೆ ಮೇಲೆ ಇತ್ತಲ್ಲ, ನನಗೆ ಹೆದರಿಕೆ ಆ ಹೊತ್ತಿನದ್ದು. ಆ ವಿಷಕ್ಕೆ ವಾಸನೆಯೂ ಇರೋದಿಲ್ಲ, ಲೋಳೆಯೂ ಇರೋದಿಲ್ಲ.

ಚಿಕ್ಕೋಡಿ ಹುಡುಗ

ಕರಿದರೂ ಹೋಗಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ ಕಾಕಾ. ಹೋದ ವರ್ಷ ರೂಮಿನಲ್ಲಿ ಪನೀರ್ ತಿಂದು ಎರಡೇ ತಾಸಿಗೆ ಮೂರು ಜನಕ್ಕೂ ವಾಂತಿ ಶುರುವಾಗಿತ್ತು. ನಾವು ಎಣ್ಣೆ ಸರಿ ಇಲ್ಲ ಅಂದುಕೊಂಡಿದ್ದೆವು.

ಡೈರಿ ಕಾಕಾ, ಗೋಕಾಕ

ಅದರಿಂದಲೇ ಆಯಿತು ಅಂತ ನಾನು ಇಲ್ಲಿ ಕೂತು ಹೇಳಲಾರೆ ತಮ್ಮಾ. ಆದರೆ ಈ ವಿಷದ ಲಕ್ಷಣ ಹಾಗೇ ಇರುತ್ತದೆ, ತಿಂದ ಕೆಲವೇ ತಾಸಿಗೆ ಜೋರಾದ ವಾಂತಿ.

ಖಾನಾವಳಿ ಬಸಣ್ಣ, ಬೆಳಗಾವಿ

ಕಾಕಾ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ವಿನೆಗರ್ ಬಗ್ಗೆ ಏನೂ ಹೇಳಲಿಲ್ಲ. ನಮ್ಮ ಕಡೆ ಅದು ಕೆಲಸ ಮಾಡಿದೆ.

ಡೈರಿ ಕಾಕಾ, ಗೋಕಾಕ

ಕೆಲಸ ಮಾಡುತ್ತದೆ ಬಸಣ್ಣ, ಸುಳ್ಳಲ್ಲ. ಹುಳಿ ಜಾಸ್ತಿಯಾದರೆ ಲೋಳೆ ಮಾಡುವ ಗುಂಪು ನಿಧಾನವಾಗುತ್ತದೆ. ನನ್ನ ಆಕ್ಷೇಪ ಬೇರೆ. ಮನೆಯವರಿಗೆ ಪನೀರ್ ಕೆಟ್ಟಿದ್ದು ಗೊತ್ತಾಗೋದು ಹುಳಿ ವಾಸನೆಯಿಂದ. ನೀನೇ ಮೊದಲ ದಿನ ಹುಳಿ ಹಾಕಿಬಿಟ್ಟರೆ ಐದನೇ ದಿನದ ಹುಳಿ ಯಾವುದು ಅಂತ ಯಾರಿಗೆ ಗೊತ್ತಾಗುತ್ತದೆ? ಎಚ್ಚರಿಸುವ ಗಂಟೆಯನ್ನು ನಾವೇ ಬಿಚ್ಚಿಟ್ಟ ಹಾಗೆ. ಕೆಲವರು ಹುಳಿ ಹೋಗಲಿ ಅಂತ ಅಡುಗೆ ಸೋಡಾ ನೀರಲ್ಲಿ ತೊಳೆಯುತ್ತಾರೆ, ಅದಂತೂ ಇನ್ನೂ ತಪ್ಪು. ವಾಸನೆ ಮುಚ್ಚುತ್ತದೆ, ಕೆಟ್ಟದ್ದು ಕೆಟ್ಟದ್ದಾಗಿಯೇ ಇರುತ್ತದೆ.

ಖಾನಾವಳಿಯಲ್ಲಿ ನಿನಗೆ ಎರಡು ಮೂರು ದಿನಕ್ಕೆ ಮಾಲು ಖರ್ಚಾಗುತ್ತದೆ. ಹತ್ತು ದಿನ ಇಟ್ಟ ಪನೀರ್ ಅನ್ನು ನೀನು ನಿಜವಾಗಿ ಬಳಸಿದ್ದೀಯಾ?

ಖಾನಾವಳಿ ಬಸಣ್ಣ, ಬೆಳಗಾವಿ

ನಿಜ ಹೇಳಬೇಕೆಂದರೆ ನಾಲ್ಕು ದಿನದ ಮೇಲೆ ನಮ್ಮಲ್ಲಿ ಉಳಿದದ್ದೇ ಇಲ್ಲ. ಹತ್ತು ದಿನ ಅಂದದ್ದು ಕೇಳಿದ ಮಾತು. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತು ಬಿಡುವುದಿಲ್ಲ. ಲೋಳೆ ಇಲ್ಲ, ನೀರು ತಿಳಿಯಾಗಿದೆ, ಮೂರನೇ ದಿನಕ್ಕೆ ಸ್ವಲ್ಪವೇ ಹುಳಿ ಇದೆ ಅಂದರೆ ನಾನು ಟೊಮೆಟೊ ಗ್ರೇವಿಗೆ ಹಾಕುತ್ತೇನೆ. ಅದಕ್ಕೂ ಚೆಲ್ಲು ಅಂದರೆ ವ್ಯಾಪಾರ ನಡೆಯಲ್ಲ.

ಡೈರಿ ಕಾಕಾ, ಗೋಕಾಕ

ಹುಳಿ ಮೊದಲ ದಿನದಿಂದಲೇ ಅಷ್ಟೇ ಇದ್ದರೆ ಅದು ಒಡೆಸಿದ ನಿಂಬೆಹಣ್ಣಿನದ್ದೋ ಆಮ್ಲದ್ದೋ ಇರಬಹುದು, ಒತ್ತುವ ಮೊದಲು ಸರಿಯಾಗಿ ತೊಳೆದಿರುವುದಿಲ್ಲ. ಅದು ಕೆಟ್ಟದ್ದಲ್ಲ. ಮೊದಲ ದಿನ ಇರದೆ ಮೂರನೇ ದಿನ ಬಂದ ಹುಳಿ ಬೇರೆ. ಅದನ್ನು ನಾನು ನನ್ನ ಮೊಮ್ಮಕ್ಕಳಿಗೆ ಹಾಕುವುದಿಲ್ಲ. ನಿನ್ನ ಜೊತೆ ಜಗಳ ಇಲ್ಲ, ನನ್ನ ಲೆಕ್ಕ ಅದು.

ರೇಷ್ಮಾ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಈ ಚರ್ಚೆ ಓದಿ ನಾನು ಹೋದ ತಿಂಗಳು ಮಾಡಿ ನೋಡಿದ್ದನ್ನು ಬರೆಯಬೇಕು ಅನ್ನಿಸಿತು. ನಾವು ನಾಲ್ಕು ಹುಡುಗಿಯರು ಬಾಡಿಗೆ ಮನೆಯಲ್ಲಿದ್ದೇವೆ, ಪನೀರ್ ಪದೇ ಪದೇ ಕೆಡುತ್ತಿತ್ತು. ಹಾಗಾಗಿ ಒಂದೇ ದಿನ ತಂದ ಒಂದೇ ಗಡ್ಡೆಯನ್ನು ಐದು ಪಾಲು ಮಾಡಿ ಐದು ಡಬ್ಬಿಯಲ್ಲಿ ಇಟ್ಟೆವು. ಎಲ್ಲವೂ ಫ್ರಿಜ್‌ನ ಒಳಗಿನ ಮೂಲೆಯಲ್ಲಿ. ಒಂದರಲ್ಲಿ ಟ್ಯಾಂಕಿ ನೀರು, ಬದಲಿಸದೆ. ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರು, ದಿನಾ ಬದಲಿಸಿ, ಡಬ್ಬಿಯನ್ನೂ ದಿನಾ ತೊಳೆದು. ಮೂರನೆಯದು ಅದೇ ರೀತಿ, ಆದರೆ ಒಂದು ಲೋಟ ನೀರಿಗೆ ಎರಡು ಚಹಾ ಚಮಚ ಉಪ್ಪು. ನಾಲ್ಕನೆಯದಕ್ಕೆ ನೀರೇ ಇಲ್ಲ, ಕುದಿಸಿ ಹಿಂಡಿದ ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಡಬ್ಬಿ. ಐದನೆಯದು ಫ್ರೀಜರ್‌ನಲ್ಲಿ.

ಟ್ಯಾಂಕಿ ನೀರಿನದ್ದು ಮೂರನೇ ದಿನಕ್ಕೆ ಕದಡಿತು, ನಾಲ್ಕನೇ ದಿನ ಬೆಳಿಗ್ಗೆ ಬೆರಳಿಗೆ ಎಳೆ ಬಂತು. ಕುದಿಸಿದ ನೀರಿನದ್ದು ಐದನೇ ದಿನದ ತನಕ ಚೆನ್ನಾಗಿತ್ತು, ಆರನೇ ದಿನ ಅಂಚುಗಳು ಜಾರತೊಡಗಿದವು. ಉಪ್ಪು ನೀರಿನದ್ದು ಏಳನೇ ದಿನವೂ ಲೋಳೆ ಇರಲಿಲ್ಲ, ಆದರೆ ತುಂಬಾ ಉಪ್ಪಾಗಿತ್ತು, ಬಿಸಿನೀರಲ್ಲಿ ಅರ್ಧ ತಾಸು ನೆನೆಸಿದ ಮೇಲೂ ಉಪ್ಪು ಹೋಗಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದು ಮೂರನೇ ದಿನಕ್ಕೆ ಅಂಚು ಸ್ವಲ್ಪ ಹಳದಿಯಾಗಿ ಒಣಗಿತು, ಐದನೇ ದಿನದ ತನಕ ವಾಸನೆ ಇರಲಿಲ್ಲ. ಆರನೇ ದಿನ ಬಟ್ಟೆ ತಾಗಿದ ಕಡೆ ಹುಳಿ ಬಂತು. ಫ್ರೀಜರ್‌ನದ್ದು ಎರಡು ವಾರದ ಮೇಲೆ ತೆಗೆದೆವು, ವಾಸನೆ ಏನೂ ಇಲ್ಲ, ಆದರೆ ಪುಡಿ ಪುಡಿಯಾಗುತ್ತದೆ. ಭುರ್ಜಿ ಮಾಡಿ ರೊಟ್ಟಿ ಜೊತೆ ತಿಂದೆವು, ಚೆನ್ನಾಗಿತ್ತು.

ಇದು ನಮ್ಮ ಒಂದೇ ಫ್ರಿಜ್‌ನ ಕಥೆ. ನಡುವೆ ಒಂದು ದಿನ ಎರಡು ತಾಸು ಕರೆಂಟ್ ಇರಲಿಲ್ಲ, ಬಾಗಿಲು ತೆರೆಯಲಿಲ್ಲ.

ಡೈರಿ ಕಾಕಾ, ಗೋಕಾಕ

ತುಂಬಾ ಚೆನ್ನಾಗಿ ಮಾಡಿದ್ದೀಯ ಮಗಳೇ. ಎರಡು ತಾಸು ಬಾಗಿಲು ಮುಚ್ಚಿದ್ದರೆ ಏನೂ ಆಗುವುದಿಲ್ಲ, ನಾಲ್ಕು ತಾಸಿನ ತನಕ ಮುಚ್ಚಿದ ಫ್ರಿಜ್ ತಣ್ಣಗಿರುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಹೋದರೆ ಪನೀರ್ ಬಗ್ಗೆ ಯೋಚಿಸಬೇಕು. ಬೇಸಿಗೆಯಲ್ಲಿ ನಿಮ್ಮ ವಿಜಯಪುರದ ಬಿಸಿಲಿಗೆ ಇದು ಮುಖ್ಯ.

ನಿನ್ನ ಮೊದಲ ಎರಡು ಡಬ್ಬಿ ನೋಡಿದರೆ ನೀರು ಎಂಥದ್ದು, ಡಬ್ಬಿ ತೊಳೆದರೋ ಇಲ್ಲವೋ ಅನ್ನೋದರಿಂದ ಎರಡು ದಿನ ಸಿಕ್ಕಿತು. ಉಪ್ಪಿನದ್ದು ಸ್ವಲ್ಪ ಕಡಿಮೆ ಹಾಕಿದರೆ ನಡೆಯುತ್ತಿತ್ತೇನೋ, ಆದರೆ ಕಡಿಮೆ ಹಾಕಿದಷ್ಟೂ ಅದು ಕಾಯೋದೂ ಕಡಿಮೆ. ಆರನೇ ದಿನದ್ದನ್ನು ಯಾವುದನ್ನೂ ತಿನ್ನಲಿಲ್ಲ ತಾನೆ?

ರೇಷ್ಮಾ, ವಿಜಯಪುರ

ಇಲ್ಲ ಕಾಕಾ, ಲೋಳೆ ಬಂದದ್ದೂ ಹುಳಿ ಬಂದದ್ದೂ ಚೆಲ್ಲಿದೆವು. ಉಪ್ಪಿನದ್ದನ್ನು ಮಾತ್ರ ಒಂದು ತುಂಡು ಬೇಯಿಸಿ ರುಚಿ ನೋಡಿದೆ.

ಶೋಭಾ, ಅಥಣಿ

ಕಾಕಾರೆ, ನನ್ನ ಹಾಲೊಡೆದ ನೀರಿನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಇನ್ನೊಂದು ಕೇಳೋದಿದೆ. ನನ್ನ ಸೊಸೆ ಐದು ತಿಂಗಳ ಬಸುರಿ, ಅವಳಿಗೆ ಪನೀರ್ ಇಷ್ಟ. ಹಾಗೇ ಹಸಿ ತುಂಡು ಬಾಯಿಗೆ ಹಾಕಿಕೊಳ್ಳುತ್ತಾಳೆ. ಇದನ್ನೆಲ್ಲ ಓದಿ ನನಗೆ ಗಾಬರಿಯಾಗಿದೆ.

ಡೈರಿ ಕಾಕಾ, ಗೋಕಾಕ

ಶೋಭಕ್ಕ, ತಪ್ಪು ತಿಳಿಯಬೇಡಿ, ಸೊಸೆಯ ಮಾತು ಮೊದಲು. ಲಿಸ್ಟೀರಿಯಾ ಅನ್ನೋ ಒಂದು ಬ್ಯಾಕ್ಟೀರಿಯಾ ಫ್ರಿಜ್‌ನಲ್ಲೂ ಬೆಳೆಯುತ್ತದೆ, ಬಸುರಿಯರಿಗೆ ಮತ್ತೆ ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಹಾಗಾಗಿ ಅವಳಿಗೆ ಅವತ್ತೇ ಮಾಡಿದ ಪನೀರ್, ಹಬೆಯಾಡುವಷ್ಟು ಬಿಸಿ ಮಾಡಿ ಕೊಡಿ. ಹಸಿ ತುಂಡು ಬೇಡ, ದಿನಗಟ್ಟಲೆ ಇಟ್ಟದ್ದಂತೂ ಬೇಡವೇ ಬೇಡ. ಇಲ್ಲಿಯ ತನಕ ತಿಂದದ್ದಕ್ಕೆ ಗಾಬರಿ ಬೇಡ, ಜ್ವರ ಏನಾದರೂ ಬಂದರೆ ತಡಮಾಡದೆ ಅವಳ ಡಾಕ್ಟರ್‌ಗೆ ತೋರಿಸಿ, ಪನೀರ್ ತಿಂದ ವಿಷಯವನ್ನೂ ಹೇಳಿ.

ಇನ್ನು ಒಡೆದ ನೀರು. ಅದರಲ್ಲಿ ಹುಳಿ ಇದೆ ಅನ್ನೋದು ಸರಿ, ಲೋಳೆ ಕಡಿಮೆ ಬರಬಹುದು. ಆದರೆ ಹಾಲಿನ ಸಕ್ಕರೆ ಹೆಚ್ಚಿನದ್ದೆಲ್ಲ ಆ ನೀರಿನಲ್ಲೇ ಇರುತ್ತದೆ. ಹುಳಿ ಮಾಡುವ ಗುಂಪಿಗೆ ಹಬ್ಬದೂಟ ಅದು. ಅದಕ್ಕೇ ನಿಮಗೆ ಮೂರೇ ದಿನಕ್ಕೆ ಹುಳಿ ಬರೋದು.

ಶೋಭಾ, ಅಥಣಿ

ಸೊಸೆಯ ವಿಷಯ ಇವತ್ತಿನಿಂದಲೇ ಪಾಲಿಸುತ್ತೇನೆ, ನಿಮಗೆ ಒಳ್ಳೆಯದಾಗಲಿ. ಒಡೆದ ನೀರಿನ ಮಾತು ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಅತ್ತೆ ಫ್ರಿಜ್ ಇಲ್ಲದ ಕಾಲದಲ್ಲೂ ಬಾವಿಯೊಳಗೆ ತೂಗುಬಿಟ್ಟು ಹಾಗೇ ಇಡುತ್ತಿದ್ದರು. ರೇಷ್ಮಾ, ನೀನು ಮುಂದಿನ ಸಲ ಆ ನೀರಿನಲ್ಲೂ ಒಂದು ಡಬ್ಬಿ ಇಟ್ಟು ನೋಡವ್ವಾ.

ಮಹಾಂತೇಶ, ಇಳಕಲ್

ನಾನು ಅಯೋಡಿನ್ ಪರೀಕ್ಷೆ ಅಂದದ್ದು ಸುಮ್ನೆ ಹೋಯಿತಾ?

ಡೈರಿ ಕಾಕಾ, ಗೋಕಾಕ

ಇಲ್ಲ ಮಹಾಂತೇಶ, ಆ ಪರೀಕ್ಷೆ ಸರಿಯಾದದ್ದೇ, ಪಿಷ್ಟ ಬೆರೆಸಿದ್ದು ಅದರಿಂದ ಗೊತ್ತಾಗುತ್ತದೆ. ಆದರೆ ಎಣ್ಣೆ ಬೆರೆಸಿದ್ದು ಅದರಲ್ಲಿ ಗೊತ್ತಾಗಲ್ಲ. ಮತ್ತೆ ಲೋಳೆಗೂ ಕಲಬೆರಕೆಗೂ ಸಂಬಂಧ ಇಲ್ಲ. ಒಳ್ಳೆ ಎಮ್ಮೆ ಹಾಲಿನ ಪನೀರೂ ಹೀಗೆ ಇಟ್ಟರೆ ಹೀಗೇ ಆಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು ಬೇರೆ ಇದೆ. ಬಿಡಿ ಪನೀರ್ ಅನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ, ಆ ನೀರನ್ನು ನೋಡಿ. ತಿಳಿಯಾಗಿದೆಯಾ, ಕೈ ಹಾಕಿ ತೆಗೆಯುತ್ತಾರಾ ಅಥವಾ ಚಿಮಟಾದಿಂದಲಾ, ಗಡ್ಡೆ ಬಂದದ್ದು ಇವತ್ತಾ ಮೊನ್ನೆಯಾ ಕೇಳಿ. ನೀವು ಮನೆಗೆ ತಂದ ದಿನವನ್ನೇ ಮೊದಲ ದಿನ ಅಂತ ಎಣಿಸುತ್ತೀರಿ, ಆದರೆ ಅದಕ್ಕೆ ಅದು ಮೂರನೇ ದಿನ ಆಗಿರಬಹುದು.

ಸವಿತಾ, ನವನಗರ

ಕಾಕಾ, ಪೂರ್ತಿ ಚೆಲ್ಲಿದೆ. ಚೆಲ್ಲುವ ಮೊದಲು ನೀವು ಹೇಳಿದ ಹಾಗೆ ಒಂದು ತುಂಡು ಮುರಿದು ಕಿಟಕಿ ಬೆಳಕಿಗೆ ಹಿಡಿದೆ. ಹೊರಗಿಂದ ಒಳಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕು ಮೂರು ಕಡೆ ಇತ್ತು, ಒಂದು ಬಿರುಕಿನ ಒಳಗೂ ಹಳದಿ ಬಣ್ಣ ಇಳಿದಿತ್ತು. ಬೆಳಿಗ್ಗೆ ಅದು ನನಗೆ ಬೆಳ್ಳಗೆ ಕಂಡಿತ್ತು. ಬುಧವಾರದ ಟಿಫಿನ್ ನೆನಪಾಗಿ ಹೊಟ್ಟೆ ತೊಳಸಿದ ಹಾಗಾಯಿತು, ಮಗನಿಗೆ ಏನೂ ಆಗಿಲ್ಲ ಸದ್ಯ.

ರಾತ್ರಿ ಅದೇ ಮಸಾಲೆಗೆ ಬಟಾಣಿ ಆಲೂಗಡ್ಡೆ ಹಾಕಿದೆ. ಡಬ್ಬಿ ಸೋಪು ಹಾಕಿ ತೊಳೆದು ಕುದಿಯುವ ನೀರು ಸುರಿದು ಬಿಸಿಲಿಗೆ ಇಟ್ಟಿದ್ದೇನೆ. ಮುಂದಿನ ಸಲ ಬೇಕಾದಷ್ಟೇ ಕತ್ತರಿಸಿ, ಉಳಿದ ಗಡ್ಡೆ ಎರಡು ದಿನಕ್ಕೆ ಖರ್ಚಾಗಲ್ಲ ಅಂದರೆ ಅವತ್ತೇ ಫ್ರೀಜರ್‌ಗೆ ಹಾಕುತ್ತೇನೆ.

ಇನ್ನೊಂದೇ ಪ್ರಶ್ನೆ. ಭಾನುವಾರ ಮಾಡಿದ ಪನೀರ್ ಮಸಾಲೆ ಒಂದು ಬಟ್ಟಲು ಫ್ರೀಜರ್‌ನಲ್ಲಿ ಇದೆ. ಅದು ಅವತ್ತೇ ರಾತ್ರಿ ಒಳಗೆ ಹೋದದ್ದು. ಅದೂ ಆ ನಾಲ್ಕೂವರೆ ತಾಸು ಕಟ್ಟೆ ಮೇಲಿದ್ದ ಪನೀರೇ ಅಲ್ವಾ?

ಡೈರಿ ಕಾಕಾ, ಗೋಕಾಕ

ಹೌದು, ಅದೇ ಪನೀರ್. ಅವತ್ತು ಅದನ್ನು ತಿಂದವರಿಗೆ ಯಾರಿಗಾದರೂ ವಾಂತಿ, ಹೊಟ್ಟೆನೋವು ಬಂದಿತ್ತಾ?

ಸವಿತಾ, ನವನಗರ

ಇಪ್ಪತ್ತೆರಡು ಜನ ಊಟ ಮಾಡಿದ್ದರು, ಯಾರೂ ಏನೂ ಹೇಳಿಲ್ಲ. ಆದರೆ ಆ ಬಟ್ಟಲು ಫ್ರೀಜರ್‌ಗೆ ಹೋಗುವ ಮೊದಲು ಊಟದ ಮೇಜಿನ ಮೇಲೆ ಎಷ್ಟು ಹೊತ್ತು ಇತ್ತು ಅಂತ ನೆನಪಾಗುತ್ತಿಲ್ಲ.

ಡೈರಿ ಕಾಕಾ, ಗೋಕಾಕ

ಅವತ್ತು ಬಿಸಿಯಾಗಿ ತಿಂದವರಿಗೆ ಏನೂ ಆಗದ್ದು ಒಳ್ಳೆಯದು. ಆದರೆ ಮೇಜಿನ ಮೇಲಿದ್ದ ಹೊತ್ತಿನ ಲೆಕ್ಕ ಸಿಗದಿದ್ದರೆ ನಾನಾದರೆ ಆ ಬಟ್ಟಲನ್ನು ಮಗನಿಗೆ ಹಾಕುವುದಿಲ್ಲ.

ಖಾನಾವಳಿ ಬಸಣ್ಣ, ಬೆಳಗಾವಿ

ಎರಡು ತಾಸಿನೊಳಗೆ ಫ್ರೀಜರ್‌ಗೆ ಹೋಗಿದ್ದರೆ ನಾನು ಕುದಿಸಿ ತಿನ್ನುತ್ತಿದ್ದೆ. ಸವಿತಾ ಅವರೇ, ಅವತ್ತು ಫೋಟೋ ತೆಗೆದಿರಬೇಕಲ್ಲ, ಊಟದ ಫೋಟೋದಲ್ಲಿ ಮೇಜಿನ ಮೇಲೆ ಆ ಬಟ್ಟಲು ಎಷ್ಟು ಗಂಟೆಯ ತನಕ ಕಾಣುತ್ತದೆ ನೋಡಿ.

ಸವಿತಾ, ನವನಗರ

ನೋಡಿದೆ. ರಾತ್ರಿ ಎಂಟು ಗಂಟೆ ಹತ್ತು ನಿಮಿಷದ ಫೋಟೋದಲ್ಲಿ ಇದೆ, ಹನ್ನೊಂದು ಗಂಟೆಯ ಫೋಟೋದಲ್ಲೂ ಇದೆ. ಬಟ್ಟಲು ಹೊರಗೆ ತೆಗೆದಿದ್ದೇನೆ, ಚೆಲ್ಲುತ್ತೇನೆ.